ಚಿತ್ತಾರದ ಗೆರೆಗಾಗಿ ಮಿಡ್‌ಜರ್ನಿ: ಮಾದರಿ ಚಿತ್ರ ಕೊಡುವುದೋ, ಎಲ್ಲವನ್ನೂ ಮಾತಿನಲ್ಲೇ ಹೇಳುವುದೋ?

ಮಲೆನಾಡಿನ ಕತೆಯೊಂದನ್ನು ಮಕ್ಕಳ ಪುಸ್ತಿಕೆಯಾಗಿಸುವ ಕೆಲಸದಲ್ಲಿ ನಾನಿದ್ದೇನೆ. ಚಿತ್ರಗಳನ್ನು ಕೊನೆಗೆ ಬರೆಯುವವರು ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು, ಅದೂ ಅವರ ಹಸೆ ಚಿತ್ತಾರದ ಕ್ರಮದಲ್ಲಿ. ಆದರೆ ಯಾವ ಪುಟದಲ್ಲಿ ಯಾರು ಎಲ್ಲಿ ನಿಂತಿರಬೇಕು, ಅಕ್ಷರಗಳಿಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಲು ಕರಡು ಚಿತ್ರಗಳು ಬೇಕಿದ್ದವು. ಅವನ್ನು, ಹೇಳಿದ್ದನ್ನು ಚಿತ್ರವಾಗಿಸಿ ಕೊಡುವ ಎಐ ಸಾಧನವಾದ ಮಿಡ್‌ಜರ್ನಿಯಲ್ಲಿ ಎರಡು ರೀತಿಯಲ್ಲಿ ಮಾಡಿಸಿ ನೋಡಿದೆ. ಒಂದು, ಬೇಕಾದದ್ದನ್ನೆಲ್ಲ ಪ್ರಾಂಪ್ಟಿನ ಮಾತುಗಳಲ್ಲೇ ವಿವರಿಸುವುದು. ಇನ್ನೊಂದು, ಮಾದರಿ ಚಿತ್ರಗಳ ವಿಳಾಸ ಕೊಟ್ಟು ಅವುಗಳ ತೂಕವನ್ನು, ಅಂದರೆ ಅವು ಎಷ್ಟು ಪ್ರಭಾವ ಬೀರಬೇಕೆಂಬುದನ್ನು, ಸಂಖ್ಯೆಯಲ್ಲಿ ಹೇಳುವುದು. ನನ್ನ ಮತ ಎರಡನೆಯದಕ್ಕೇ. ಇಲ್ಲಿ ಹೇಳುವುದು ಅದರ 7ನೆಯ ಆವೃತ್ತಿಗೆ ಸಂಬಂಧಿಸಿದ್ದು.

ಬರೀ ಮಾತಿನಲ್ಲಿ ಬರೆದ ಪ್ರಾಂಪ್ಟ್ ಹೀಗಿತ್ತು:

```
Hase Chittara wall painting from Malnad, Karnataka,
white rice-paste lines on red earth, geometric borders,
a girl carrying a basket of arecanut, two dogs
behind her --ar 3:2 --v 7
```

ಹುಡುಗಿ ಬಂದಳು, ಬುಟ್ಟಿ ಬಂತು, ನಾಯಿಗಳೂ ಬಂದವು. ಬಾರದೆ ಉಳಿದದ್ದು ಚಿತ್ತಾರ. ಕೆಂಪು ಹಿನ್ನೆಲೆ, ಬಿಳಿ ಗೆರೆ ಎಂದು ಓದಿದ ಕೂಡಲೇ ಅದು ಮಹಾರಾಷ್ಟ್ರದ ವಾರ್ಲಿಯ ಕಡೆಗೆ ಹೊರಳಿತು: ಎರಡು ತ್ರಿಕೋನ ಸೇರಿಸಿ ಮಾಡಿದ ಮೈ, ಮೇಲೊಂದು ದುಂಡು ತಲೆ, ಕಡ್ಡಿಯಂಥ ಕೈಕಾಲು. ಚಿತ್ತಾರದ ಜೀವ ಇರುವುದು ಮನುಷ್ಯಾಕೃತಿಯಲ್ಲಿ ಅಲ್ಲ. ಪುಂಡಿ ನಾರಿನ ಕುಂಚದಿಂದ ಎಳೆದ, ಒಂದರ ಪಕ್ಕ ಒಂದು ಒತ್ತಾಗಿ ಸಾಗುವ ಸಮಾನಾಂತರ ಗೆರೆಗಳಲ್ಲಿ, ಆ ಗೆರೆಗಳು ಹೆಣೆದುಕೊಂಡು ಆಗುವ ಚೌಕಟ್ಟಿನಲ್ಲಿ. ಅದನ್ನು ಇಂಗ್ಲಿಷಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ಯಂತ್ರವು ತನಗೆ ಹೆಚ್ಚು ಪರಿಚಿತವಾದ ಶೈಲಿಗೇ ಮರಳುತ್ತಿತ್ತು, ಮತ್ತು ವಿವರಣೆ ಉದ್ದವಾದಷ್ಟೂ ಬುಟ್ಟಿಯೋ ನಾಯಿಯೋ ಚಿತ್ರದಿಂದ ಬಿಟ್ಟುಹೋಗುತ್ತಿತ್ತು. ವಾರ್ಲಿ ಬೇಡವೆಂದು `--no warli` ಸೇರಿಸಿದರೆ ಮಧುಬನಿಯ ಮೀನುಗಣ್ಣು ಇಣುಕಿತು.

ಮಾದರಿ ಚಿತ್ರ ಕೊಡುವ ದಾರಿಯಲ್ಲಿ ಮೊದಲು ತಿಳಿದಿರಬೇಕಾದದ್ದು ಚಿತ್ರದ ವಿಳಾಸವನ್ನು ಎಲ್ಲಿ ಇಡುತ್ತೇವೆ ಎಂಬುದು. ಪ್ರಾಂಪ್ಟಿನ ಆರಂಭದಲ್ಲೇ ಇಟ್ಟರೆ ಅದರ ವಸ್ತು, ಬಣ್ಣ, ಜೋಡಣೆ ಎಲ್ಲವೂ ಹೊಸ ಚಿತ್ರದೊಳಗೆ ಸೇರಿಕೊಳ್ಳುತ್ತವೆ. ಅದರ ತೂಕ `--iw`, 0 ರಿಂದ 3 ರವರೆಗೆ, ನಾವೇನೂ ಹೇಳದಿದ್ದರೆ 1. ಕೊನೆಯಲ್ಲಿ `--sref` ಬರೆದು ಅದರ ಮುಂದೆ ಇಟ್ಟರೆ ಶೈಲಿಯನ್ನು ಮಾತ್ರ ತೆಗೆದುಕೊಳ್ಳಬೇಕೆಂದು ಅರ್ಥ. ಅದರ ತೂಕ `--sw`, 0 ರಿಂದ 1000, ಹೇಳದಿದ್ದರೆ 100. ಒಬ್ಬ ವ್ಯಕ್ತಿಯನ್ನೋ ಒಂದು ವಸ್ತುವನ್ನೋ ಪುಟದಿಂದ ಪುಟಕ್ಕೆ ಹಾಗೆಯೇ ಒಯ್ಯಲು `--oref`. ಅದರ ತೂಕ `--ow`, 1 ರಿಂದ 1000, ಹೇಳದಿದ್ದರೆ ಅದೂ 100. ನನ್ನ ಕೆಲಸಕ್ಕೆ ಮೊದಲನೆಯದು ಒದಗಲಿಲ್ಲ, ಏಕೆಂದರೆ ಗೋಡೆಯ ಚಿತ್ರವನ್ನು ಆರಂಭದಲ್ಲಿಟ್ಟಾಗ ನಡುವೆ ದಂಡಿಗೆ, ಅದರೊಳಗೆ ಮದುಮಕ್ಕಳು ಬಂದು ಕೂರುತ್ತಿದ್ದರು. ಕತೆಯ ಹುಡುಗಿಗೆ ಜಾಗವೇ ಉಳಿಯುತ್ತಿರಲಿಲ್ಲ.

ಆದ್ದರಿಂದ ಪ್ರಾಂಪ್ಟಿನಿಂದ ಶೈಲಿಯ ಮಾತನ್ನೆಲ್ಲ ತೆಗೆದುಹಾಕಿ, ದೃಶ್ಯವನ್ನು ಮಾತ್ರ ಉಳಿಸಿ, ಮನೆಯವರ ಒಪ್ಪಿಗೆ ಪಡೆದು ತೆಗೆದ ಎರಡು ಗೋಡೆಗಳ ಫೋಟೋ ಕೊಟ್ಟೆ. ವಿಳಾಸಗಳನ್ನು ಇಲ್ಲಿ ಮೊಟಕುಗೊಳಿಸಿದ್ದೇನೆ:

```
a girl carrying a basket of arecanut,
two dogs behind her
--sref https://.../a.jpg https://.../b.jpg
--sw 250 --ar 3:2 --v 7
```

ಗೆರೆ ಅಂದೇ ಸರಿಹೋಯಿತು. ಆದರೆ ಇಲ್ಲಿಂದ ಶುರುವಾದ ಒಂದು ತೊಡಕು ನನ್ನನ್ನು ಬಹಳ ಕಾಡಿತು, ಮತ್ತು ಈ ದಾರಿ ಹಿಡಿಯುವ ಯಾರಿಗಾದರೂ ಅದು ಎದುರಾಗಿಯೇ ತೀರುತ್ತದೆ. ಶೈಲಿ ಮಾತ್ರ ಎಂದು ನಾವು ಹೇಳಿದರೂ, ಫೋಟೋದಲ್ಲಿ ಏನೇನು ಶೈಲಿ, ಏನೇನು ವಸ್ತು ಎಂದು ಯಂತ್ರಕ್ಕೆ ಖಚಿತವಾಗಿ ಗೊತ್ತಿರುವುದಿಲ್ಲ. ಮೊದಲ ಫೋಟೋದ ಅಂಚಿನಲ್ಲಿ ಬಾಗಿಲಿನ ದಾರಂದ ಇತ್ತು. ಹುಡುಗಿ ಕಾಡಿನ ನಡುವೆ ನಡೆಯುವ ದೃಶ್ಯದಲ್ಲೂ ಎಡಬದಿಗೆ ಒಂದು ಮರದ ಚೌಕಟ್ಟು ನಿಂತುಬಿಡುತ್ತಿತ್ತು. ಎರಡನೆಯ ಫೋಟೋ ಸಂಜೆ ಬಲ್ಬಿನ ಬೆಳಕಿನಲ್ಲಿ ತೆಗೆದದ್ದು. ಅದರ ಹಳದಿ ಛಾಯೆ ಅಕ್ಕಿಹಿಟ್ಟಿನ ಬಿಳಿಯ ಮೇಲೆಲ್ಲ ಹರಡಿಕೊಂಡು ಗೆರೆಗಳು ಬೆಣ್ಣೆಬಣ್ಣಕ್ಕೆ ತಿರುಗಿದವು.

ಇದು ತೂಕದ ದೋಷವೆಂದು ತೋರುವುದು ಸಹಜ, ಆದರೆ `--sw` ಇಳಿಸಿದರೆ ದಾರಂದದ ಜೊತೆಗೆ ಚಿತ್ತಾರವೂ ಹೋಗುತ್ತದೆ. 100ಕ್ಕೆ ಇಳಿಸಿದಾಗ ಅಂಚಿನ ವಿನ್ಯಾಸ ಉಳಿದರೂ ಹುಡುಗಿ ಮತ್ತೆ ವಾರ್ಲಿಯವಳಾದಳು. 600 ದಾಟಿಸಿದಾಗ ಬುಟ್ಟಿ, ನಾಯಿ, ಹುಡುಗಿ ಎಲ್ಲವೂ ಜಾಲರಿಯಲ್ಲಿ ಕರಗಿ, ಗೋಡೆಯೊಂದೇ ಉಳಿಯಿತು. ಅಂದರೆ `--sw` ಎಂಬುದು ಮಾದರಿ ಚಿತ್ರಗಳೆಲ್ಲ ಒಟ್ಟಾಗಿ ಎಷ್ಟು ಪ್ರಭಾವ ಬೀರಬೇಕು ಎಂಬುದನ್ನು ಮಾತ್ರ ನಿರ್ಧರಿಸುತ್ತದೆ. ಯಾವ ಚಿತ್ರದಿಂದ ಎಷ್ಟು, ಚಿತ್ರದೊಳಗಿನ ಯಾವ ಭಾಗ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ.

ಯಾವ ಚಿತ್ರದಿಂದ ಎಷ್ಟು ಎಂಬುದಕ್ಕೆ ಇರುವುದು ಜೋಡಿ ವಿಸರ್ಗದಂತೆ ಕಾಣುವ `::` ಗುರುತು. ಪ್ರತಿ ವಿಳಾಸದ ತುದಿಗೆ ಜಾಗ ಬಿಡದೆ ಅದನ್ನು ಬರೆದು, ಪಕ್ಕದಲ್ಲೇ ಸಂಖ್ಯೆ ಕೊಡಬೇಕು:

```
--sref https://.../a.jpg::3 https://.../b.jpg::1 --sw 250
```

ಈ ಸಂಖ್ಯೆಗಳು ಒಂದಕ್ಕೊಂದು ಹೋಲಿಸಿ ನೋಡುವ ಪಾಲುಗಳು. ಮೇಲಿನ ಸಾಲಿನಲ್ಲಿ ಮೊದಲ ಗೋಡೆಗೆ ಮೂರು ಪಾಲು, ಎರಡನೆಯದಕ್ಕೆ ಒಂದು ಪಾಲು. ಹಗಲಿನ ಫೋಟೋದ ಪಾಲು ಹೀಗೆ ಹೆಚ್ಚಿದ ಮೇಲೆ ಬಿಳಿ ಮತ್ತೆ ಬಿಳಿಯಾಯಿತು, ಎರಡನೆಯ ಗೋಡೆಯ ಸಣ್ಣ ಚೌಕಗಳ ಅಂಚು ಮಾತ್ರ ಅಲ್ಲಲ್ಲಿ ಉಳಿಯಿತು. ನನಗೆ ಬೇಕಿದ್ದದ್ದೂ ಅಷ್ಟೇ. ವಿಳಾಸಕ್ಕೂ `::` ಗೂ ನಡುವೆ ಒಂದು ಖಾಲಿ ಜಾಗ ನುಸುಳಿದರೂ ಪಾಲು ಆ ಚಿತ್ರಕ್ಕೆ ಅಂಟುವುದಿಲ್ಲವಾದ್ದರಿಂದ, ಫೋನಿನಲ್ಲಿ ಅಂಟಿಸುವವರು ಅಲ್ಲೊಮ್ಮೆ ಕಣ್ಣಾಡಿಸಬೇಕು.

ಚಿತ್ರದೊಳಗಿನ ಯಾವ ಭಾಗ ಎಂಬುದಕ್ಕೆ ಯಾವ ಗುರುತೂ ಇಲ್ಲ, ಕತ್ತರಿಯೇ ಬೇಕು. ದಾರಂದ, ನೆಲ, ಮೂಲೆಯ ವಿದ್ಯುತ್ ತಂತಿ ಯಾವುದೂ ಇಲ್ಲದಂತೆ, ಬರೀ ಗೆರೆಯೇ ಚಿತ್ರದ ತುಂಬ ಇರುವಂತೆ ಫೋಟೋವನ್ನು ಕತ್ತರಿಸಿ ಹೊಸದಾಗಿ ಏರಿಸಿದ ಮೇಲೆ ಕಾಡಿನಲ್ಲಿ ಬಾಗಿಲು ಕಾಣಿಸಿಕೊಳ್ಳಲಿಲ್ಲ. ಸೋರಿಕೆ ಆಗುತ್ತಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಅದೇ `--sref` ಉಳಿಸಿಕೊಂಡು, ಕತೆಗೆ ಸಂಬಂಧವೇ ಇಲ್ಲದ ವಸ್ತುವನ್ನು, ಉದಾಹರಣೆಗೆ ಒಂದು ದೋಣಿಯನ್ನು, ಕೇಳಿ ನೋಡಬೇಕು. ದೋಣಿಯ ಚಿತ್ರದಲ್ಲೂ ಬಾಗಿಲೋ ದಂಡಿಗೆಯೋ ಬಂದರೆ ಅದು ಮಾದರಿ ಚಿತ್ರದಿಂದಲೇ ಬಂದದ್ದು, ನಮ್ಮ ಮಾತಿನಿಂದಲ್ಲ.

ಇನ್ನು ಹುಡುಗಿ ಎಲ್ಲ ಪುಟಗಳಲ್ಲೂ ಅದೇ ಹುಡುಗಿಯಾಗಿರಬೇಕು. ಬರೀ ಮಾತಿನ ದಾರಿಯಲ್ಲಿ ಇದು ಆಗದ ಕೆಲಸ. ಎರಡು ಜಡೆ, ಮಲ್ಲಿಗೆ, ಅಂಚಿನ ಲಂಗ ಎಂದು ಪ್ರತಿ ಪುಟಕ್ಕೂ ಅದೇ ಮಾತು ಬರೆದರೂ ಪ್ರತಿ ಸಲ ಅವಳ ಅಕ್ಕನೋ ತಂಗಿಯೋ ಬರುತ್ತಾಳೆ. `--oref` ಇಲ್ಲಿ ಕೈಹಿಡಿಯುತ್ತದೆ, ಆದರೆ ಅದಕ್ಕೊಂದು ಕ್ರಮವಿದೆ. ನಿಜವಾದ ಹುಡುಗಿಯ ಫೋಟೋ ಕೊಟ್ಟು `--ow` 400 ಇಟ್ಟರೆ ಮುಖ ಹೋಲುತ್ತದೆ, ಚಿತ್ತಾರ ಸೋಲುತ್ತದೆ. ಫೋಟೋದ ನೈಜತೆ ಗೆರೆಯನ್ನು ತಿಂದುಹಾಕುತ್ತದೆ. 30ಕ್ಕೆ ಇಳಿಸಿದರೆ ಚಿತ್ತಾರ ಉಳಿಯುತ್ತದೆ, ಆದರೆ ಜಡೆ, ಲಂಗಗಳನ್ನು ಮತ್ತೆ ಮಾತಿನಲ್ಲೇ ಹೇಳಬೇಕಾಗುತ್ತದೆ. ನಾನು ಕಂಡುಕೊಂಡ ಹಾದಿಯೆಂದರೆ, ಮೊದಲು `--sref` ಮಾತ್ರ ಬಳಸಿ ಚಿತ್ತಾರದ ಶೈಲಿಯಲ್ಲೇ ಹುಡುಗಿಯನ್ನು ಒಂಟಿಯಾಗಿ ಬರೆಸಿ, ಮೆಚ್ಚಿಗೆಯಾದ ಆ ಚಿತ್ರವನ್ನೇ `--oref` ಗೆ ಕೊಡುವುದು. ಆಗ ಎರಡೂ ಮಾದರಿಗಳು ಒಂದೇ ಮಾತನ್ನಾಡುವುದರಿಂದ `--ow` 100ರ ಆಸುಪಾಸಿನಲ್ಲೇ ಸಾಕಾಗುತ್ತದೆ.

`--oref` ಗೆ ಒಂದೇ ಚಿತ್ರ ಕೊಡಲು ಸಾಧ್ಯ. ಇಬ್ಬರು ಪಾತ್ರಧಾರಿಗಳಿದ್ದರೆ ಇಬ್ಬರೂ ಇರುವ ಒಂದೇ ಚಿತ್ರ ಸಿದ್ಧಪಡಿಸಿಕೊಂಡು, ಇಬ್ಬರನ್ನೂ ಪ್ರಾಂಪ್ಟಿನಲ್ಲಿ ಹೆಸರಿಸಬೇಕು. ಹಳೆಯ ಪಾಠಗಳಲ್ಲಿ ಕಾಣುವ `--cref` 6ನೆಯ ಆವೃತ್ತಿಯದು, 7ರಲ್ಲಿ ನಡೆಯುವುದಿಲ್ಲ. ಅದರ ತೂಕವಾದ `--cw` ಗೆ 100 ಎಂಬುದೇ ಗರಿಷ್ಠವಾಗಿತ್ತು, `--ow` ಗೆ 100 ಎಂದರೆ ಬರೀ ಆರಂಭದ ಮಟ್ಟ. ಆದ್ದರಿಂದ ಅಲ್ಲಿನ ಸಂಖ್ಯೆಗಳನ್ನು ಇಲ್ಲಿಗೆ ತರಬಾರದು.

ಬರೀ ಮಾತಿನ ಪರವಾಗಿ ಹೇಳಬೇಕಾದದ್ದೂ ಇದೆ. ಎಷ್ಟು ನಾಯಿ, ಯಾರು ಯಾರ ಹಿಂದೆ, ಹುಡುಗಿ ಬಗ್ಗಿದ್ದಾಳೋ ಓಡುತ್ತಿದ್ದಾಳೋ ಎಂಬುದನ್ನು ತಿಳಿಸಲು ಮಾತಿಗಿಂತ ಒಳ್ಳೆಯ ಸಾಧನ ಮಿಡ್‌ಜರ್ನಿಯಲ್ಲಿ ಇಲ್ಲ, ಮತ್ತು ಮಾದರಿ ಚಿತ್ರಗಳ ತೂಕ ಏರಿದಂತೆ ಮೊದಲು ಮರೆತುಹೋಗುವುದೂ ಇಂಥ ಮಾತುಗಳೇ. ಜಲವರ್ಣ, ಮರದಚ್ಚು, ಪೆನ್ಸಿಲ್ ರೇಖಾಚಿತ್ರ ಇವುಗಳ ಹೆಸರು ಹೇಳಿದರೆ ಸಾಕು, ಅದಕ್ಕೆ ಚೆನ್ನಾಗಿ ಗೊತ್ತು. ಅಂಥ ಶೈಲಿಯ ಒಂಟಿ ಚಿತ್ರಕ್ಕೆ ಫೋಟೋ ತೆಗೆದು, ಕತ್ತರಿಸಿ, ವಿಳಾಸ ಅಂಟಿಸುವ ಕಷ್ಟ ಯಾರಿಗೂ ಬೇಕಿಲ್ಲ.

ಖರ್ಚಿನ ವಿಷಯ. ತಿಂಗಳಿಗೆ 10 ಡಾಲರಿನ ಬೇಸಿಕ್ ಯೋಜನೆಯಲ್ಲಿ ಚಿತ್ರಗಳನ್ನು ವೇಗವಾಗಿ ಮಾಡಿಸಿಕೊಳ್ಳಲು ಸಿಗುವ ಯಂತ್ರದ ಸಮಯ ಸುಮಾರು 200 ನಿಮಿಷ, ಮತ್ತು `--oref` ಸೇರಿಸಿದ ಪ್ರತಿ ಪ್ರಾಂಪ್ಟ್ ಅದರಿಂದ ಎರಡರಷ್ಟು ಸಮಯ ಕಬಳಿಸುತ್ತದೆ. ಹೆಚ್ಚು ಪುಟಗಳ ಕೆಲಸವಿದ್ದವರಿಗೆ ನಿಧಾನದ ರಿಲ್ಯಾಕ್ಸ್ ಮೋಡ್ ಮಿತಿಯಿಲ್ಲದೆ ಸಿಗುವ 30 ಡಾಲರಿನ ಸ್ಟ್ಯಾಂಡರ್ಡ್ ಯೋಜನೆ ಒಪ್ಪುತ್ತದೆ. ನಾನು ಸಂಜೆ ಮಾತ್ರ ಈ ಕೆಲಸಕ್ಕೆ ಕೂರುವವನು, ಬೇಸಿಕ್‌ನಲ್ಲೇ ಇದ್ದೇನೆ. ಹಾಗಾಗಿ ದೃಶ್ಯದ ಜೋಡಣೆಯನ್ನು ಮೊದಲು ಮಾತು ಮತ್ತು `--sref` ನಲ್ಲೇ ಗಟ್ಟಿ ಮಾಡಿಕೊಂಡು, ಹುಡುಗಿ, ಬುಟ್ಟಿ, ನಾಯಿಗಳು ತಮ್ಮ ತಮ್ಮ ಜಾಗದಲ್ಲಿ ನಿಂತ ಮೇಲಷ್ಟೇ ಕೊನೆಯ ಸುತ್ತಿಗೆ `--oref` ಸೇರಿಸುತ್ತೇನೆ.