ರಂಜಕವೋ ಬೋರಾನೋ: ಸಿಲಿಕಾನ್‌ಗೆ ಯಾವುದನ್ನು ಬೆರೆಸೋಣ?

ಲ್ಯಾಬ್‌ಗೆ ಸಿಲಿಕಾನ್ ಬಿಲ್ಲೆ ತರಿಸುವಾಗ ಮೊದಲ ಪ್ರಶ್ನೆ ಇದೇ ಅಲ್ವಾ? ರಂಜಕ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಅದು ಎನ್ ಬಗೆ. ಬೋರಾನ್ ಒಂದನ್ನು ಕಿತ್ತುಕೊಂಡು ಹೋಲ್ ಬಿಡುತ್ತದೆ, ಅದು ಪಿ ಬಗೆ.

ಎರಡರಲ್ಲಿ ಒಂದನ್ನು ಘನ ಸೆಂಟಿಮೀಟರ್‌ಗೆ 10¹⁶ ಪರಮಾಣುವಿನಂತೆ ಬೆರೆಸಿದ್ದೇವೆ ಅನ್ನಿ. ಕೋಣೆಯ ಉಷ್ಣತೆಯಲ್ಲಿ ಶುದ್ಧ ಸಿಲಿಕಾನ್‌ನಲ್ಲಿ ಇರುವುದು ಸುಮಾರು 10¹⁰ ಎಲೆಕ್ಟ್ರಾನ್, ಅಷ್ಟೇ ಹೋಲ್. ಆಗ ಫರ್ಮಿ ಮಟ್ಟ, ಅಂದರೆ ಎಲೆಕ್ಟ್ರಾನ್‌ಗಳ ರಾಸಾಯನಿಕ ವಿಭವ, 1.12 eV ಬ್ಯಾಂಡ್ ಅಂತರದ ಹೆಚ್ಚುಕಡಿಮೆ ನಡುವೆ ಕೂತಿರುತ್ತದೆ. ಬೆರೆಸಿದ ಮೇಲೆ ಅದು ಸರಿಯುವ ದೂರ:

kT ln(N/nᵢ) = 0.026 × ln(10⁶) ≈ 0.36 eV

ರಂಜಕವಾದರೆ ಇಷ್ಟು ಮೇಲಕ್ಕೆ, ಬೋರಾನ್ ಆದರೆ ಇಷ್ಟೇ ಕೆಳಕ್ಕೆ. ಹತ್ತು ಪಟ್ಟು ಜಾಸ್ತಿ ಬೆರೆಸಿದರೂ ಇನ್ನು 0.06 eV ಮಾತ್ರ ಸರಿಯುತ್ತದೆ. ತೀರಾ ಜಾಸ್ತಿ, 10¹⁹ರ ಹತ್ತಿರ ಹೋದರೆ ಈ ಸೂತ್ರ ನಂಬಬೇಡಿ.

ವ್ಯತ್ಯಾಸ ಕಾಣುವುದು ರೋಧದಲ್ಲಿ. ಇದೇ ಪ್ರಮಾಣಕ್ಕೆ ರಂಜಕದ ಬಿಲ್ಲೆ ಸುಮಾರು 0.5 ಓಮ್-ಸೆಂಮೀ, ಬೋರಾನ್‌ದು ಸುಮಾರು 1.5. ಹೋಲ್‌ಗಳು ನಿಧಾನ. ಸುಮ್ನೆ ಕರೆಂಟ್ ಚೆನ್ನಾಗಿ ಹರಿದರೆ ಸಾಕು ಅನ್ನುವವರಿಗೆ ನಾನು ರಂಜಕವನ್ನೇ ಹೇಳುತ್ತೇನೆ. ಸೌರಕೋಶಕ್ಕೂ ಅದೇ ವಾಸಿ: ಬೋರಾನ್ ಆಮ್ಲಜನಕದ ಜೊತೆ ಸೇರಿ ಬೆಳಕಿನಲ್ಲಿ ಕೋಶದ ದಕ್ಷತೆ ಇಳಿಸುತ್ತದೆ. ಆದರೆ ಎನ್-ಚಾನೆಲ್ ಟ್ರಾನ್ಸಿಸ್ಟರ್‌ಗೆ ತಳ ಪಿ ಬಗೆಯೇ ಆಗಬೇಕು.

ಡಬ್ಬಿಯ ಚೀಟಿ ಕಿತ್ತುಹೋಗಿದೆಯಾ? ಮೀಟರಿನ ಪ್ಲಸ್ ಕಡ್ಡಿಯನ್ನು ಬೆಸುಗೆ ಕಡ್ಡಿಯಿಂದ ಬಿಸಿ ಮಾಡಿ ಬಿಲ್ಲೆಗೆ ಒತ್ತಿ, ತಣ್ಣನೆಯ ಮೈನಸ್ ಕಡ್ಡಿಯನ್ನು ಪಕ್ಕದಲ್ಲಿಡಿ. ಪ್ಲಸ್ ತೋರಿಸಿದರೆ ಎನ್, ಮೈನಸ್ ತೋರಿಸಿದರೆ ಪಿ.