ಸ್ಮೂದಿಯ ಕ್ಯಾಲೊರಿ ಲೆಕ್ಕ: ಆ್ಯಪ್, ಚಮಚ, ತಕ್ಕಡಿ – ನನಗೆ ತಕ್ಕಡಿಯೇ ಸೈ

ಬಾಳೆಹಣ್ಣು, ಹಾಲು, ಓಟ್ಸ್, ಗೇರುಬೀಜ ಹಾಕಿ ಮಿಕ್ಸಿಯಲ್ಲಿ ತಿರುವಿದ ಸ್ಮೂದಿಯೇ ಈಗ ನಮ್ಮ ಮನೆಯ ಬೆಳಗ್ಗಿನ ತಿಂಡಿ. ಕ್ಯಾಲೊರಿ ಲೆಕ್ಕಕ್ಕೆ ಫೋನಿನ ಆ್ಯಪ್, ಅಳತೆ ಚಮಚ, ಡಿಜಿಟಲ್ ತಕ್ಕಡಿ ಮೂರನ್ನೂ ಬಳಸಿದ್ದೇನೆ. ತಕ್ಕಡಿ ಕೊಂಡದ್ದು ಒಳ್ಳೆಯದೇ ಆಯಿತು.

ಆ್ಯಪಿನಲ್ಲಿ ‘ಬನಾನಾ ಸ್ಮೂದಿ, ಒಂದು ಗ್ಲಾಸ್’ ಎಂಬ ಸಿದ್ಧ ಲೆಕ್ಕ ಸಿಗುತ್ತದೆ. ಅದು ಬೇರೆ ಯಾರದೋ ಸ್ಮೂದಿ, ನಮ್ಮದಲ್ಲ. ಒಂದೊಂದೇ ವಸ್ತು ಸೇರಿಸಲು ಹೊರಟರೆ ಬಾಳೆಹಣ್ಣಿನಲ್ಲೇ ತೊಡಕು. ‘ಮಧ್ಯಮ ಗಾತ್ರದ ಬಾಳೆಹಣ್ಣು, 105 ಕ್ಯಾಲೊರಿ’ ಎಂದರೆ ಸಿಪ್ಪೆ ಸುಲಿದ ಮೇಲೆ 118 ಗ್ರಾಂ ತೂಗುವ ಕ್ಯಾವೆಂಡಿಶ್ ಹಣ್ಣು. ನಮ್ಮ ಕಾಸರಗೋಡಿನ ಅಂಗಡಿಗಳಲ್ಲಿ ಗೊನೆ ಗೊನೆ ತೂಗುವುದು ನೇಂದ್ರ. ಅದರಲ್ಲಿ ನೀರು ಕಡಿಮೆ, ಪಿಷ್ಟ-ಸಕ್ಕರೆ ಹೆಚ್ಚು. 100 ಗ್ರಾಂ ಕ್ಯಾವೆಂಡಿಶ್‌ನಲ್ಲಿ 89 ಕ್ಯಾಲೊರಿ ಇದ್ದರೆ ನೇಂದ್ರದಲ್ಲಿ ಸುಮಾರು 120. ಕದಳಿಯಂಥ ಪುಟ್ಟ ಹಣ್ಣಾದರೆ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತದೆ. ಆದ್ದರಿಂದ ಹಣ್ಣನ್ನು ಎಣಿಸಬೇಡಿ, ತೂಗಿ. ಅದೂ ಸಿಪ್ಪೆ ತೆಗೆದ ಮೇಲೆ. ಕೋಷ್ಟಕಗಳಲ್ಲಿ ಕೊಡುವುದು ತಿನ್ನುವ ಭಾಗದ ಲೆಕ್ಕ ಮಾತ್ರ.

ಚಮಚ ಹಾಲಿಗೆ ಪರವಾಗಿಲ್ಲ. ಓಟ್ಸ್ ರಾಶಿಯಾಗಿ ಏರಿದರೆ ಅಳತೆ ಕೆಟ್ಟಿತು.

ತಕ್ಕಡಿಯದ್ದೂ ಒಂದು ಕಿರಿಕಿರಿ ಇದೆ. ಮಿಕ್ಸಿ ಜಾರ್ ಇಟ್ಟು ಸೊನ್ನೆ ಮಾಡಿ, ಹಣ್ಣು ಸುಲಿಯುವಷ್ಟರಲ್ಲಿ ತಕ್ಕಡಿ ತಾನಾಗಿ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದರೆ ಹಳೆಯ ಸೊನ್ನೆ ಹೋಗಿರುತ್ತದೆ. ಅದಕ್ಕೆ ಹಣ್ಣನ್ನು ಮೊದಲೇ ಸುಲಿದಿಡುತ್ತೇನೆ. ಗೇರುಬೀಜಕ್ಕೆ ಇನ್ನೂ ಸುಲಭ ದಾರಿ: ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ ಬೀಜ ತೆಗೆದರೆ, ತೆಗೆದಷ್ಟು ತೂಕ ಮೈನಸ್‌ನಲ್ಲಿ ಕಾಣುತ್ತದೆ.

ನಮ್ಮ ಜಾರ್‌ಗೆ ಬೀಳುವುದು ಇಷ್ಟು: ನೇಂದ್ರ 120 ಗ್ರಾಂ, ಅಂದರೆ 144 ಕ್ಯಾಲೊರಿ. ಟೋನ್ಡ್ ಹಾಲು 200 ಮಿ.ಲೀ., ಸುಮಾರು 116. ಓಟ್ಸ್ 30 ಗ್ರಾಂ, 114. ಗೇರುಬೀಜ 15 ಗ್ರಾಂ, 83. ಒಟ್ಟು 457. ಅದೇ ಗೇರುಬೀಜವನ್ನು ಕೈತುಂಬ ಸುರಿದು 30 ಗ್ರಾಂ ಆಯಿತೆನ್ನಿ, 540 ಮುಟ್ಟಿತು. ಹಣ್ಣಿನ ವ್ಯತ್ಯಾಸಕ್ಕಿಂತ ಇದು ದೊಡ್ಡದು.

ಹಂಚಿ ಕುಡಿಯುವಾಗಲೂ ತಕ್ಕಡಿಯೇ ಬೇಕು. ತಿರುವಿದ ಮೇಲೆ ಒಟ್ಟು ತೂಕ ಸುಮಾರು 370 ಗ್ರಾಂ, ಅಂದರೆ 100 ಗ್ರಾಂಗೆ 123 ಕ್ಯಾಲೊರಿ. ಅಮ್ಮನ ಲೋಟಕ್ಕೆ 150 ಗ್ರಾಂ ಹೊಯ್ದರೆ ಅವರಿಗೆ 185. ನೀರು ಸೇರಿಸಿದ ದಿನ ಒಟ್ಟು ತೂಕವನ್ನು ಹೊಸದಾಗಿ ನೋಡಬೇಕು. ಕ್ಯಾಲೊರಿ ಅಷ್ಟೇ ಇದ್ದರೂ ಪ್ರತಿ 100 ಗ್ರಾಂನ ಪಾಲು ಇಳಿಯುತ್ತದೆ.

ದಿನಾ ಇದನ್ನೇ ಕುಡಿಯುವವರಿಗೆ ಸಾದಾ ತಕ್ಕಡಿ ಸಾಕು, ದುಬಾರಿಯದು ಬೇಡ. ಅಪರೂಪಕ್ಕೆ ಮಾಡುವವರು ಗೇರುಬೀಜವನ್ನಾದರೂ ಎಣಿಸಿ ಹಾಕಿ: W320 ದರ್ಜೆಯ ಇಡೀ ಬೀಜ ಒಂದೊಂದೂ ಸುಮಾರು ಒಂದೂವರೆ ಗ್ರಾಂ, ಹತ್ತು ಬೀಜಕ್ಕೆ 80 ಕ್ಯಾಲೊರಿಯ ಆಸುಪಾಸು.