ಸ್ಟೆಪ್ ಕಳೆದುಹೋಗುತ್ತಿದೆ ಎಂದು ಮೋಟಾರ್ ಬದಲಿಸುವ ಮುನ್ನ ಇದನ್ನು ಓದಿ

ಒಂದೇ ಪಾಳಿಯಲ್ಲಿ ನಾವು 260 ಪ್ಲೇಟುಗಳಿಗೆ ತೂತು ಕೊರೆದೆವು. ಮೊದಲ ಐದನ್ನು ಅಳೆದು ನೋಡಿದಾಗ ಎಲ್ಲವೂ ಸರಿಯಾಗಿದ್ದವು. ಆದರೆ ಕೊನೆಯ ಪ್ಲೇಟಿನ ಹೊತ್ತಿಗೆ ತೂತು ಮೂರು ಮಿಲಿಮೀಟರಿಗಿಂತ ಹೆಚ್ಚು ಸರಿದಿತ್ತು. ಆ ಹೊತ್ತಿಗೂ ಪಿಎಲ್‌ಸಿಯ ಪರದೆಯಲ್ಲಿ ಟೇಬಲ್ ಪ್ರತಿ ಸಲ ಸರಿಯಾಗಿ ಸೊನ್ನೆಗೇ ಮರಳುತ್ತಿತ್ತು. ಆ ಸೊನ್ನೆಯನ್ನು ನಂಬಿದ್ದೇ ನಾನು ಮಾಡಿದ ಮೊದಲ ತಪ್ಪು. ಪಿಎಲ್‌ಸಿ ಎಣಿಸುವುದು ತಾನು ಕಳುಹಿಸಿದ ಪಲ್ಸುಗಳನ್ನು ಮಾತ್ರ. ಎನ್‌ಕೋಡರ್ ಇಲ್ಲದ ಸ್ಟೆಪರ್ ಮೋಟಾರ್ ಅವುಗಳಲ್ಲಿ ಎಷ್ಟನ್ನು ನಡೆಸಿತು, ಯಾವ ದಿಕ್ಕಿಗೆ ನಡೆಸಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಯಂತ್ರ ಸರಳವಾದದ್ದು. ಒಂದು ಸುತ್ತಿಗೆ 200 ಸ್ಟೆಪ್ಪಿನ ಮೋಟಾರ್, ಒಂದು ಸ್ಟೆಪ್ಪನ್ನು ಎಂಟಾಗಿ ಒಡೆಯುವಂತೆ ಹೊಂದಿಸಿದ ಡ್ರೈವರ್, ಒಂದು ಸುತ್ತಿಗೆ 5 ಮಿ.ಮೀ. ಸರಿಯುವ ಬಾಲ್ ಸ್ಕ್ರೂ.

```
200 × 8 / 5 = 320 ಪಲ್ಸ್ / ಮಿ.ಮೀ.
```

ಟೇಬಲ್ 200 ಮಿ.ಮೀ. ಮುಂದೆ ಹೋಗಬೇಕು, ತೂತು ಬಿದ್ದ ಮೇಲೆ ಹಿಂದಕ್ಕೆ ಬರಬೇಕು. ಅಂದರೆ ಹೋಗುವಾಗ 64,000 ಪಲ್ಸ್, ಬರುವಾಗಲೂ ಅಷ್ಟೇ. ಪಾಳಿಯ ಆರಂಭದಲ್ಲಿ ಒಮ್ಮೆ ಮಾತ್ರ ಹೋಮ್ ಸೆನ್ಸರ್ ಹುಡುಕಿಸುತ್ತಿದ್ದೆವು.

ನನ್ನನ್ನು ದಾರಿ ತಪ್ಪಿಸಿದ್ದು ಇದಕ್ಕೂ ಹಿಂದೆ ನಡೆದ ಒಂದು ಘಟನೆ. ಯಂತ್ರವನ್ನು ಮೊದಲು ಚಾಲೂ ಮಾಡಿದಾಗ ನಾನು ವೇಗವನ್ನು ಸೆಕೆಂಡಿಗೆ 16,000 ಪಲ್ಸ್ ಎಂದೂ, ಆ ವೇಗವನ್ನು ತಲುಪುವ ಅವಧಿಯನ್ನು 50 ಮಿಲಿಸೆಕೆಂಡ್ ಎಂದೂ ಕೊಟ್ಟಿದ್ದೆ. ಅದು ನಿಮಿಷಕ್ಕೆ 600 ಸುತ್ತು. ಸ್ಟೆಪರ್ ಮೋಟಾರಿನ ಬಲ ವೇಗ ಏರಿದಂತೆ ಕುಸಿಯುತ್ತದೆ, ಏಕೆಂದರೆ ಸುರುಳಿಯಲ್ಲಿ ಕರೆಂಟ್ ಪೂರ್ತಿ ಏರುವ ಮೊದಲೇ ಮುಂದಿನ ಸ್ಟೆಪ್ಪಿನ ಸರದಿ ಬಂದುಬಿಡುತ್ತದೆ. ನೇರಗೆರೆಯ ವೇಗವರ್ಧನೆಯಾದರೋ ಆರಂಭದಿಂದ ಕೊನೆಯವರೆಗೂ ಒಂದೇ ಪ್ರಮಾಣದ ಬಲವನ್ನು ಕೇಳುತ್ತದೆ. ಹಾಗಾಗಿ ಏರಿಕೆಯ ಕೊನೆಯ ಭಾಗದಲ್ಲಿ ರೋಟರ್ ಹಿಂದೆ ಬಿದ್ದು, ಮೋಟಾರ್ ಗುರ್ ಎಂದು ಸದ್ದು ಮಾಡಿ ಜಾರುತ್ತಿತ್ತು. ವೇಗವನ್ನು 12,800ಕ್ಕೆ ಇಳಿಸಿ ಅವಧಿಯನ್ನು 300 ಮಿಲಿಸೆಕೆಂಡಿಗೆ ಏರಿಸಿದ ಮೇಲೆ ಸದ್ದೂ ನಿಂತಿತು, ಜಾರುವುದೂ ನಿಂತಿತು. ಅಲ್ಲಿಂದ ಮುಂದೆ ಟೇಬಲ್ ಎಲ್ಲಿ ತಪ್ಪಿದರೂ ನನಗೆ ಹೊಳೆಯುತ್ತಿದ್ದ ಕಾರಣ ಅದೊಂದೇ.

ಹೀಗಾಗಿ ಆ ಪಾಳಿಯ ಪ್ಲೇಟುಗಳು ಹಾಳಾದಾಗಲೂ ಇನ್ನೂ ಸ್ಟೆಪ್ ಕಳೆದುಹೋಗುತ್ತಿದೆ ಎಂದೇ ತೀರ್ಮಾನಿಸಿದೆ. ಏರಿಕೆಯ ಅವಧಿಯನ್ನು 600 ಮಿಲಿಸೆಕೆಂಡ್ ಮಾಡಿದೆ. ಡ್ರೈವರಿನ ಕರೆಂಟ್ ಹೆಚ್ಚಿಸಿದೆ. ಕೊನೆಗೆ ದೊಡ್ಡ ಮೋಟಾರನ್ನೇ ತರಿಸಿ, ಅದಕ್ಕೆಂದು ಹೊಸ ಕೂರಿಸುವ ಪ್ಲೇಟು ಮಾಡಿಸಿ, ಎರಡು ದಿನ ಯಂತ್ರ ನಿಲ್ಲಿಸಿ ಜೋಡಿಸಿದೆ. ಪ್ರತಿ ಎಂಟು ಪ್ಲೇಟಿಗೆ ಒಮ್ಮೆ ವರ್ನಿಯರ್‌ನಲ್ಲಿ ಅಳೆದರೆ ಮತ್ತೆ ಅದೇ 0.1 ಮಿ.ಮೀ. ವ್ಯತ್ಯಾಸ.

ಆ 0.1 ನನ್ನ ತಪ್ಪು ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು. ಇಂಥ ಮೋಟಾರಿನ ರೋಟರ್ ಜಾರಿದರೆ ಮನಬಂದಲ್ಲಿ ನಿಲ್ಲುವುದಿಲ್ಲ. ನಾಲ್ಕು ಪೂರ್ಣ ಸ್ಟೆಪ್ಪು ಅಥವಾ ಅದರ ಗುಣಕಗಳಷ್ಟು ಸರಿದು ಮತ್ತೆ ಹಿಡಿತಕ್ಕೆ ಬರುತ್ತದೆ. ನಾಲ್ಕು ಸ್ಟೆಪ್ ಎಂದರೆ 7.2 ಡಿಗ್ರಿ, 32 ಪಲ್ಸ್, ನಮ್ಮ ಸ್ಕ್ರೂನಲ್ಲಿ ಸರಿಯಾಗಿ 0.1 ಮಿ.ಮೀ. ಎಂಟು ಪ್ಲೇಟಿಗೊಮ್ಮೆ ರೋಟರ್ ಒಂದು ಸಲ ಜಾರುತ್ತಿದೆ ಎಂದು ನಾನು ಲೆಕ್ಕ ಹಾಕಿದ್ದೆ.

ಯಂತ್ರ ನಡೆಸುವ ಹಿರಿಯರು ಒಂದು ಮಾತು ಹೇಳಿದರು: "ಸರ್, ಜಾರುವುದಾದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಬೇಕಲ್ಲವೇ? ಇದು ದಿನವೂ ಒಂದೇ ಕಡೆಗೆ, ಒಂದೇ ಲೆಕ್ಕದಲ್ಲಿ ಹೋಗುತ್ತಿದೆ. ನೀವು ಕೈಯಿಂದ ನಡೆಸಿದಾಗ ಹೋಗುವುದೇ ಇಲ್ಲ."

ಆ ಮಾತನ್ನು ಅವರು ಹೇಳಿದ ದಿನವೇ ಕಿವಿಗೆ ಹಾಕಿಕೊಳ್ಳಬೇಕಿತ್ತು. ಮೂರು ದಿನ ತಡವಾಗಿ ಡಯಲ್ ಗೇಜ್ ಇಟ್ಟು ಟೇಬಲ್ ಹೋಗಿ ಬರುವ ಪ್ರತಿಯೊಂದು ಸುತ್ತನ್ನೂ ಅಳೆದೆ. ಏಳು ಸುತ್ತು ಸರಿಯಿದ್ದು ಎಂಟನೆಯದರಲ್ಲಿ ಸೂಜಿ 0.1 ಹಾರುತ್ತದೆ ಎಂದು ಕಾದಿದ್ದೆ. ಸೂಜಿ ಎಲ್ಲಿಯೂ ಹಾರಲಿಲ್ಲ. ಪ್ರತಿ ಸುತ್ತಿಗೂ ಒಂದು ಗೆರೆಗಿಂತ ಸ್ವಲ್ಪ ಹೆಚ್ಚು ಸರಿಯುತ್ತಾ, ನಾಲ್ಕು ಸುತ್ತಿಗೆ 0.05 ತೋರಿಸಿತು. ಸುತ್ತಿಗೆ 0.0125 ಮಿ.ಮೀ., ಅಂದರೆ ನಾಲ್ಕು ಪಲ್ಸ್, ಅರ್ಧ ಸ್ಟೆಪ್. ಜಾರಿದ ರೋಟರ್ ಅರ್ಧ ಸ್ಟೆಪ್ಪಿನಷ್ಟು ಮಾತ್ರ ತಪ್ಪಿ ನಿಲ್ಲಲು ಸಾಧ್ಯವೇ ಇಲ್ಲ. ಮೋಟಾರಿನ ತಪ್ಪು ಏನೂ ಇರಲಿಲ್ಲ.

ಪಲ್ಸ್ ಮತ್ತು ದಿಕ್ಕಿನ ತಂತಿಗಳೆರಡಕ್ಕೂ ಆಸಿಲೋಸ್ಕೋಪ್ ಹಚ್ಚಿ, ದಿಕ್ಕು ಬದಲಾಗುವ ಕ್ಷಣವನ್ನು ಹಿಡಿದು ನೋಡಿದೆ. ಮುಂದಕ್ಕೆ ಹೊರಡುವಾಗ ದಿಕ್ಕಿನ ಸಿಗ್ನಲ್ ಬದಲಾಗುವ ಮೊದಲೇ ಮೂರು ಪಲ್ಸ್ ಹೊರಟುಹೋಗಿದ್ದವು. ಹಿಂದಕ್ಕೆ ಬರುವಾಗ ಒಂದು ಪಲ್ಸ್.

ಕಾರಣ ನಾನು ಬರೆದ ಲ್ಯಾಡರ್‌ನಲ್ಲಿತ್ತು. ಬಹಳಷ್ಟು ಪಿಎಲ್‌ಸಿಗಳಲ್ಲಿ ಸಾಮಾನ್ಯ ಔಟ್‌ಪುಟ್ ನಿಜವಾಗಿ ಬದಲಾಗುವುದು ಪ್ರೋಗ್ರಾಮನ್ನು ಮೇಲಿನಿಂದ ಕೊನೆಯವರೆಗೆ ಒಮ್ಮೆ ಓದುವ ಸ್ಕ್ಯಾನ್ ಮುಗಿದಾಗ. ಪಲ್ಸ್ ಕಳುಹಿಸುವ ಆಜ್ಞೆ ಮಾತ್ರ ಸ್ಕ್ಯಾನ್ ಮುಗಿಯುವುದನ್ನು ಕಾಯದೆ, ತನ್ನ ಸಾಲು ಬಂದ ಕೂಡಲೇ ಕೆಲಸ ಶುರು ಮಾಡುತ್ತದೆ. ನಾನು ದಿಕ್ಕಿನ ಔಟ್‌ಪುಟ್ಟನ್ನೂ ಪಲ್ಸ್ ಆಜ್ಞೆಯನ್ನೂ ಒಂದೇ ಸ್ಕ್ಯಾನಿನಲ್ಲಿ ಕೊಟ್ಟಿದ್ದೆ. ಬರಹದಲ್ಲಿ ದಿಕ್ಕು ಮೇಲಿನ ಸಾಲಿನಲ್ಲಿದ್ದರೂ ತಂತಿಯ ಮೇಲೆ ಅದು ಹಿಂದೆ ಉಳಿಯುತ್ತಿತ್ತು. ನಮ್ಮ ಸ್ಕ್ಯಾನ್ ಸುಮಾರು 2 ಮಿಲಿಸೆಕೆಂಡ್, ಆರಂಭದ ವೇಗ ಸೆಕೆಂಡಿಗೆ 2,000 ಪಲ್ಸ್, ಅಂದರೆ ಅರ್ಧ ಮಿಲಿಸೆಕೆಂಡಿಗೊಂದು ಪಲ್ಸ್. ಮುಂದೆ ಹೋಗುವ ಆಜ್ಞೆ ಪ್ರೋಗ್ರಾಮಿನ ಮೇಲ್ಭಾಗದಲ್ಲಿತ್ತು, ಹಾಗಾಗಿ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಮೂರು ಪಲ್ಸ್. ಹಿಂದೆ ಬರುವ ಆಜ್ಞೆ ಕೊನೆಯ ಸಾಲುಗಳಲ್ಲಿತ್ತು, ಹಾಗಾಗಿ ಒಂದೇ.

ತಪ್ಪು ದಿಕ್ಕಿಗೆ ಹೋದ ಪ್ರತಿ ಪಲ್ಸ್ ಎರಡರಷ್ಟು ನಷ್ಟ ಮಾಡುತ್ತದೆ. ಅದು ಮುಂದಕ್ಕೆ ಹೋಗಲಿಲ್ಲ, ಅದರ ಮೇಲೆ ಹಿಂದಕ್ಕೂ ಹೋಯಿತು. ಹೋಗುವಾಗ ಆರು ಪಲ್ಸ್ ಕಡಿಮೆ, ಬರುವಾಗ ಎರಡು ಕಡಿಮೆ. ಉಳಿದ ವ್ಯತ್ಯಾಸ ಸರಿಯಾಗಿ ನಾಲ್ಕು. ಎರಡೂ ಕಡೆ ಒಂದೇ ಸಂಖ್ಯೆಯಾಗಿದ್ದರೆ ಟೇಬಲ್ ಸ್ವಲ್ಪ ಕಡಿಮೆ ಓಡುತ್ತಿತ್ತು, ಆದರೆ ದಿನವಿಡೀ ಒಂದೇ ಜಾಗಕ್ಕೆ ಮರಳುತ್ತಿತ್ತು. ಕೈಯಿಂದ ನಡೆಸುವಾಗ ದಿಕ್ಕಿನ ಸ್ವಿಚ್ ಮೊದಲು ತಿರುಗಿಸಿ, ಆಮೇಲೆ ಬಟನ್ ಒತ್ತುತ್ತಿದ್ದೆವು. ಅಲ್ಲಿ ದಿಕ್ಕಿಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು. ಏರಿಕೆಯ ಅವಧಿಯನ್ನು ಎಷ್ಟು ಹಿಗ್ಗಿಸಿದರೂ ಆರಂಭದ ವೇಗ ಬದಲಾಗದ ಕಾರಣ ಮೊದಲ ಪಲ್ಸುಗಳು ಅದೇ ಹೊತ್ತಿಗೆ ಹೊರಡುತ್ತಿದ್ದವು.

ದಿಕ್ಕನ್ನು ಒಂದು ಹಂತದಲ್ಲಿ ಬದಲಿಸಿ, 10 ಮಿಲಿಸೆಕೆಂಡ್ ಟೈಮರ್ ಮುಗಿದ ಮೇಲೆ ಇನ್ನೊಂದು ಹಂತದಲ್ಲಿ ಪಲ್ಸ್ ಆರಂಭಿಸಿದೆ. ಡ್ರೈವರಿಗೆ ಬೇಕಿರುವುದು ಕೆಲವೇ ಮೈಕ್ರೊಸೆಕೆಂಡ್. ಆದರೆ ಸ್ಕ್ಯಾನ್ ಮುಗಿಯಬೇಕು, ಪಿಎಲ್‌ಸಿಯ ಟ್ರಾನ್ಸಿಸ್ಟರ್ ಪೂರ್ತಿ ಆಫ್ ಆಗಬೇಕು. ಕಡಿಮೆ ಕರೆಂಟಿನಲ್ಲಿ ಅದು ನಿಧಾನ. ದಿಕ್ಕಿನ ಔಟ್‌ಪುಟ್ಟನ್ನೂ ತಾನೇ ನೋಡಿಕೊಳ್ಳುವ ಪೊಸಿಷನಿಂಗ್ ಆಜ್ಞೆ ನಿಮ್ಮ ಪಿಎಲ್‌ಸಿಯಲ್ಲಿದ್ದರೆ ಅದನ್ನೇ ಬಳಸಿ. ಆಗಲೂ ಸ್ಕೋಪಿನಲ್ಲಿ ಒಮ್ಮೆ ನೋಡಿ. ಮರುದಿನ 300 ಸುತ್ತು ಓಡಿಸಿದಾಗ ಡಯಲ್ ಗೇಜ್ ಸೂಜಿ ಹೊರಟ ಗೆರೆಯಲ್ಲೇ ನಿಂತಿತ್ತು.

ಈಗ ಪ್ರತಿ ಹತ್ತು ಪ್ಲೇಟಿಗೊಮ್ಮೆ ಟೇಬಲ್ ಸೆಕೆಂಡಿಗೆ 500 ಪಲ್ಸ್ ವೇಗದಲ್ಲಿ, ಯಾವಾಗಲೂ ಒಂದೇ ಕಡೆಯಿಂದ ಹೋಮ್ ಸೆನ್ಸರ್ ಹತ್ತಿರ ಬರುತ್ತದೆ. ಸೆನ್ಸರ್ ಆನ್ ಆದ ಕ್ಷಣದ ಎಣಿಕೆ ಪಾಳಿಯ ಆರಂಭದ ಎಣಿಕೆಗಿಂತ 16 ಪಲ್ಸಿಗೂ ಹೆಚ್ಚು ಬೇರೆಯಾದರೆ ಯಂತ್ರ ನಿಲ್ಲುತ್ತದೆ. ರೋಟರ್ ಜಾರಿದರೆ ಕನಿಷ್ಠ 32 ಪಲ್ಸ್ ತಪ್ಪುವುದರಿಂದ ಅದರ ಅರ್ಧವನ್ನು ಮಿತಿಯಾಗಿ ಇಟ್ಟಿದ್ದೇನೆ. ಮೂರು ವಾರಗಳ ನಂತರ ಯಂತ್ರ ಹಾಗೆ ಒಮ್ಮೆ ನಿಂತಿತು, ವ್ಯತ್ಯಾಸ 21. ಮೂವತ್ತೆರಡರ ಗುಣಕವಲ್ಲ ಎಂದು ಮೋಟಾರನ್ನು ಮುಟ್ಟದೆ ನೇರವಾಗಿ ಕಪ್ಲಿಂಗ್ ನೋಡಿದೆ. ಅದರ ಸ್ಕ್ರೂ ಸಡಿಲವಾಗಿತ್ತು.